ಅಳಿಸಿಹೋದ ಹಚ್ಚೆಬೊಟ್ಟು: ಒಂದು ಫೋಟೋ ಮತ್ತೆ ಕಟ್ಟಿದ ಲೆಕ್ಕ

ಫ್ರೇಮ್‌ಗೆ ಸುತ್ತಿದ್ದ ಪೇಪರ್ ಬಿಚ್ಚಿ ಟೇಬಲ್ ಮೇಲೆ ಇಟ್ಟ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಫೋಟೋ ಚಂದ ಬಂದೈತ್ರಿ ಅಣ್ಣಾರ. ಆದ್ರ ನಮ್ಮವ್ವ ಬಂದಿಲ್ಲ" ಅಂದರು.

ಜಗಳ ಮಾಡಿದ್ದರೆ ಸಮಾಧಾನ ಹೇಳಬಹುದಿತ್ತು. ಅವರು ಜಗಳ ಮಾಡಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು: "ಇಲ್ಲಿ ಗದ್ದದ ಮ್ಯಾಲ ಮೂರು ಹಚ್ಚಿ ಬೊಟ್ಟು ಇದ್ದವು. ಹಣಿ ಮ್ಯಾಲ ಒಂದು. ಸಣ್ಣಾಕಿ ಇದ್ದಾಗ ಹಾಕಿಸ್ಕೊಂಡಿದ್ಲಂತ. ಅವು ಎಲ್ಲಿ ಹೋದವು?"

ಅವು ಎಲ್ಲಿ ಹೋದವು ಅಂತ ನನಗೆ ಗೊತ್ತಿತ್ತು. ಹಿಂದಿನ ವಾರ ರಾತ್ರಿ ಹತ್ತೂವರೆಗೆ ಫೋಟೋಶಾಪಿನ ಹೀಲಿಂಗ್ ಬ್ರಶ್ ಹಿಡಿದು, ಮುಖದ ಮೇಲಿನ ಕಪ್ಪು ಚುಕ್ಕೆಗಳನ್ನೆಲ್ಲ ಒಂದೊಂದಾಗಿ ಒತ್ತುತ್ತ ಹೋದವನು ನಾನೇ. ಹಸಿರುಗಪ್ಪಿನ ಆ ಬೊಟ್ಟುಗಳೂ ಕಲೆಗಳ ಲೆಕ್ಕಕ್ಕೆ ಸೇರಿಹೋಗಿದ್ದವು. ಮುಖ್ಯ ತಪ್ಪು ಅದಲ್ಲ, ಅದು ಯಾರಿಗಾದರೂ ಆಗುತ್ತೆ. ಕೆಲಸವನ್ನು ನೇರ ಮೂಲ ಫೋಟೋ ಇರುವ `Background` ಪದರದ, ಅಂದರೆ ಲೇಯರಿನ ಮೇಲೆ ಮಾಡಿ, ಅದೇ ಜೆಪೆಗ್ ಫೈಲಿನ ಮೇಲೆ `Ctrl+S` ಹೊಡೆದು ಮುಚ್ಚಿದ್ದೆನಲ್ಲ, ಅದು ತಪ್ಪು. ಹಚ್ಚೆ ಇದ್ದ ಜಾಗದಲ್ಲಿ ಈಗ ಪಕ್ಕದ ಚರ್ಮದ ನಕಲು ಮಾತ್ರ ಇತ್ತು, ಅದರ ಕೆಳಗೆ ಏನೂ ಇರಲಿಲ್ಲ.

ಕೊಪ್ಪಳದಲ್ಲಿ ನನ್ನದು ಎರಡು ಖೋಲಿಯ ಸ್ಟುಡಿಯೋ. ಈ ಗಿರಾಕಿ ಕುಕನೂರು ಕಡೆಯ ಹಳ್ಳಿಯವರು. ಎರಡು ವರ್ಷದ ಹಿಂದೆ ಅವರ ಮನೆಯ ಮದುವೆಗೆ ಹೋಗಿದ್ದಾಗ, ಪಡಸಾಲೆಯಲ್ಲಿ ಬಾಗಿಲ ಬೆಳಕಿಗೆ ಕೂತಿದ್ದ ಅವ್ವನ ಒಂದು ಫೋಟೋ ತೆಗೆದಿದ್ದೆ. ಅವ್ವ ತೀರಿಕೊಂಡಿದ್ದಾಳೆ. ವರ್ಷದ ಪೂಜೆಗೆ 12×18 ಇಂಚಿನ ಫ್ರೇಮ್ ಬೇಕು ಅಂತ ಬಂದಿದ್ದರು. ಪೂಜೆಗೆ ಇನ್ನು ಒಂಬತ್ತು ದಿನ ಉಳಿದಿತ್ತು.

ನನ್ನ ಪುಣ್ಯಕ್ಕೆ ಆ ಮದುವೆಯನ್ನು, ಕ್ಯಾಮೆರಾ ಹಿಡಿದದ್ದು ಹಾಗೇ ಉಳಿಯುವ ರಾ ಮತ್ತು ಜೆಪೆಗ್ ಎರಡರಲ್ಲೂ ತೆಗೆದಿದ್ದೆ. ರಾ ಫೈಲುಗಳು ಹಳೇ ಹಾರ್ಡ್ ಡಿಸ್ಕಿನಲ್ಲಿ ಸಿಕ್ಕವು. ಮೊದಲಿಂದ ಕೂತು ಮತ್ತೆ ಕಟ್ಟಿದೆ. ಈ ಸಲ ಗಿರಾಕಿ ಎಷ್ಟು ಸಲ ಬಂದು ಏನೇ ಹೇಳಿದರೂ ಅಷ್ಟನ್ನೇ ತಿರುಗಿಸಿ ಕೊಡುವಂತಿರಬೇಕು ಅಂತ ನಿರ್ಧಾರ ಮಾಡಿದ್ದೆ. ಕೆಳಗಿರೋದು ಆ ಕೆಲಸದ ಟಿಪ್ಪಣಿ. ಫೋಟೋಶಾಪಿನಲ್ಲಿ ಮಾಡಿದ್ದು.

ಅಡಿಪಾಯ

ಮೊದಲೆಲ್ಲ ನಾನು ಮಾಡುತ್ತಿದ್ದ ಸುರಕ್ಷಿತ ಪದ್ಧತಿ ಅಂದರೆ `Ctrl+J`. ಮೂಲ ಲೇಯರಿನ ನಕಲು ಮಾಡಿ ನಕಲಿನ ಮೇಲೆ ಕೆಲಸ, ಆಮೇಲೆ ಅದರ ನಕಲು, ಅದರ ಮೇಲೆ ಮುಂದಿನ ಕೆಲಸ. ಮೂಲ ಕೆಳಗೆ ಉಳಿದಿರುತ್ತೆ ನಿಜ. ಆದರೆ ಮೂರನೇ ನಕಲಿನಲ್ಲಿ ಕೂತು, ಮೊದಲನೇ ನಕಲಿನಲ್ಲಿ ಅಳಿಸಿದ ಹಚ್ಚೆ ಬೇಕು ಅಂದರೆ ಸಿಗೋದಿಲ್ಲ. ಮೇಲಿನ ನಕಲು ಕೆಳಗಿನದನ್ನು ಪೂರ್ತಿ ಮುಚ್ಚಿಬಿಟ್ಟಿರುತ್ತೆ. ಕೆಳಗೆ ತಿದ್ದಿದರೆ ಮೇಲೆ ಗೊತ್ತೇ ಆಗೋದಿಲ್ಲ. ಎಲ್ಲ ಲೇಯರನ್ನೂ ಒಂದರಲ್ಲಿ ಅಚ್ಚು ಒತ್ತುವ `Ctrl+Alt+Shift+E` ಕೂಡ ಇದೇ ಜಾತಿ.

ಈ ಸಲ ಇಟ್ಟುಕೊಂಡ ನಿಯಮ ಒಂದೇ: ಯಾವ ಲೇಯರಿನಲ್ಲೂ ಫೋಟೋದ ನಕಲು ಇರಬಾರದು, ನಾನು ಮಾಡಿದ ಬದಲಾವಣೆ ಮಾತ್ರ ಇರಬೇಕು. ಕಲೆ ತೆಗೆದಿದ್ದರೆ ಆ ತೇಪೆಗಳಷ್ಟೇ, ಬೆಳಕು ಹೆಚ್ಚಿಸಿದ್ದರೆ ಆ ಹೆಚ್ಚಿಸುವ ಆದೇಶವಷ್ಟೇ. ಆಗ ಯಾವುದೇ ಲೇಯರಿನ ಪಕ್ಕದ ಕಣ್ಣಿನ ಗುರುತು ಒತ್ತಿ ಮುಚ್ಚಿದರೂ ಅದರ ಕೆಲಸ ಮಾತ್ರ ಹೋಗುತ್ತೆ, ಉಳಿದದ್ದು ನಿಂತಿರುತ್ತೆ.

ಇದರಿಂದ ಫೈಲಿನ ತೂಕವೂ ಇಳಿಯುತ್ತೆ. ನನ್ನ ಕ್ಯಾಮೆರಾ 6000×4000 ಪಿಕ್ಸೆಲ್‌ನದು. 16 ಬಿಟ್‌ನಲ್ಲಿ ಒಂದು ಪಿಕ್ಸೆಲ್ಲಿಗೆ ಮೂರು ಬಣ್ಣ, ಬಣ್ಣಕ್ಕೆ ಎರಡು ಬೈಟ್. ಅಂದರೆ ಒಂದು ಪೂರ್ತಿ ನಕಲಿಗೆ 14.4 ಕೋಟಿ ಬೈಟ್. ಕಿಟಕಿಯ ಅಡಿಯಲ್ಲಿ ಫೋಟೋಶಾಪ್ ಅದನ್ನೇ `137.3M` ಅಂತ ತೋರಿಸುತ್ತೆ. ಹಳೇ ಪದ್ಧತಿಯಲ್ಲಿ ಐದು ನಕಲು ಆಗುವಷ್ಟರಲ್ಲಿ ನನ್ನ 8 ಜಿಬಿಯ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ತೇಪೆಗಳಿರುವ ಖಾಲಿ ಲೇಯರ್ ಅದರ ಮುಂದೆ ಏನೂ ಅಲ್ಲ.

ರಾ ಫೈಲನ್ನು ಸ್ಮಾರ್ಟ್ ಆಬ್ಜೆಕ್ಟ್ ಆಗಿ ತೆರೆದೆ, 16 ಬಿಟ್‌ನಲ್ಲಿ. ಹೀಗೆ ತೆರೆದರೆ ರಾ ಫೈಲೇ ಫೋಟೋಶಾಪಿನ ಪಿಎಸ್‌ಡಿ ಫೈಲಿನ ಹೊಟ್ಟೆಯೊಳಗೆ ಕೂತಿರುತ್ತೆ. ಮೇಲೆ ಬ್ರಶ್ ಇಟ್ಟರೂ ಗಾಯ ಆಗೋದಿಲ್ಲ, ಅಲ್ಲಿ ಬಣ್ಣ ಹಚ್ಚೋಕೆ ಫೋಟೋಶಾಪೇ ಬಿಡೋದಿಲ್ಲ. ರಾತ್ರಿ ಹತ್ತೂವರೆಯ ನನ್ನಂಥವನಿಗೆ ಆ ಬೀಗ ಬೇಕು.

ತೇಪೆಯ ಮೂರು ಲೇಯರ್

ರಾ ಮೇಲೆ ಮೂರು ಖಾಲಿ ಲೇಯರ್ ಹಾಕಿದೆ: ಧೂಳು, ಕಲೆ, ಸುಕ್ಕು. ಮೂರೂ ಹೀಲಿಂಗ್ ಬ್ರಶ್ಶಿನದೇ ಕೆಲಸ ಆದರೂ ಬೇರೆ ಬೇರೆ ಇಡಲು ಕಾರಣ ಇದೆ. ಧೂಳು ಅಂದರೆ ಸೀರೆ ಮೇಲಿನ ಅಕ್ಷತೆಯ ಕಾಳು, ಹಣೆಗೆ ಅಂಟಿದ ಕೂದಲೆಳೆ. ಅದನ್ನು ಯಾರೂ ವಾಪಸ್ ಕೇಳೋದಿಲ್ಲ. ಕಲೆ ಅಂದರೆ ಆವತ್ತು ಇದ್ದು ನಾಳೆ ಹೋಗುವಂಥದು, ಸೊಳ್ಳೆ ಕಡಿತ, ಬೆವರುಸಾಲೆ. ಸುಕ್ಕು ಮನುಷ್ಯರದೇ ಗುರುತು. ಅದನ್ನು ಪೂರ್ತಿ ತೆಗೆಯಬಾರದು. ಎಷ್ಟು ಇರಬೇಕು ಅನ್ನೋದನ್ನು ಹೇಳುವವನೂ ನಾನಲ್ಲ. ನರುಳಿ, ಮಚ್ಚೆ, ಹಚ್ಚೆಗಳಿಗೆ ಲೇಯರೇ ಇಲ್ಲ, ಅವನ್ನು ಮುಟ್ಟುವುದಿಲ್ಲ.

ಖಾಲಿ ಲೇಯರಿನ ಮೇಲೆ ಹೀಲಿಂಗ್ ಬ್ರಶ್ ಸುಮ್ಮನೆ ಕೆಲಸ ಮಾಡೋದಿಲ್ಲ, ನಕಲು ಮಾಡಲು ಅಲ್ಲಿ ಏನೂ ಇರೋದಿಲ್ಲ. ಮೇಲಿನ ಪಟ್ಟಿಯಲ್ಲಿ `Sample` ಅನ್ನೋದನ್ನು `Current & Below` ಮಾಡಬೇಕು. ಆಗ ಕೆಳಗಿನ ಚರ್ಮವನ್ನು ನೋಡಿ, ತೇಪೆಯನ್ನು ಖಾಲಿ ಲೇಯರಿನಲ್ಲಿ ಹಾಕುತ್ತೆ. ಪಕ್ಕದಲ್ಲೇ `All Layers` ಅಂತಲೂ ಇದೆ. ಆ ಸುದ್ದಿ ಮುಂದೆ ಬರುತ್ತೆ.

ಸುಕ್ಕಿನ ಲೇಯರಿನಲ್ಲಿ ಒಂದು ವಿಚಿತ್ರ ಮಾಡಿದೆ. ಕಣ್ಣಂಚು, ಹಣೆ, ಬಾಯಿಯ ಎರಡೂ ಬದಿಯ ಗೆರೆಗಳನ್ನು ಪೂರ್ತಿ ತೆಗೆದೆ. ಒಂದೂ ಬಿಡಲಿಲ್ಲ. ನೋಡಿದರೆ ಎಪ್ಪತ್ತರ ಅವ್ವನ ಕೂದಲಿಗೆ ಇಪ್ಪತ್ತರ ಹುಡುಗಿಯ ಕೆನ್ನೆ, ಹೆದರಿಕೆ ಬರಬೇಕು. ಆಮೇಲೆ ಆ ಲೇಯರ್ ಎಷ್ಟು ಗಟ್ಟಿಯಾಗಿ ಕಾಣಬೇಕು ಅನ್ನೋ ಒಪ್ಯಾಸಿಟಿಯನ್ನು 40ಕ್ಕೆ ಇಳಿಸಿದೆ. ಗೆರೆಗಳೆಲ್ಲ ವಾಪಸ್ ಬಂದವು, ಆಳ ಮಾತ್ರ ಕಮ್ಮಿ. ಬ್ರಶ್ಶನ್ನೇ ಮೆತ್ತಗೆ ಹಿಡಿದು ಅಷ್ಟಿಷ್ಟು ತಿದ್ದುವ ರೂಢಿ ನನಗಿತ್ತು. ಅದರಲ್ಲಿ ಎಷ್ಟು ತೆಗೆಯಬೇಕು ಅನ್ನೋ ತೀರ್ಮಾನ ತೇಪೆಯೊಳಗೇ ಬೆಂದುಹೋಗುತ್ತೆ. ಪೂರ್ತಿ ತೆಗೆದು ಒಪ್ಯಾಸಿಟಿ ಇಳಿಸಿದರೆ ಆ ತೀರ್ಮಾನ ಒಂದು ಅಂಕಿಯಾಗಿ ಹೊರಗೆ ಉಳಿಯುತ್ತೆ. ಅಂಕಿಯನ್ನು ಯಾವತ್ತು ಬೇಕಾದರೂ ಬದಲಿಸಬಹುದು.

ನಮ್ಮ ಕಡೆ ಹಳೇ ಸ್ಟುಡಿಯೋದವರು ನೆಗೆಟಿವ್ ಮೇಲೆ ಸೀಸದ ಕಡ್ಡಿಯಲ್ಲಿ ಟಚಿಂಗ್ ಮಾಡುತ್ತಿದ್ದರು. ಸುಕ್ಕು ನೆಗೆಟಿವಿನಲ್ಲಿ ತೆಳುವಾದ ಗೆರೆ. ಅದರ ಮೇಲೆ ಸೀಸ ತುಂಬಿದರೆ ಬೆಳಕು ಕಮ್ಮಿ ಹಾಯುತ್ತೆ, ಪ್ರಿಂಟಿನಲ್ಲಿ ಗೆರೆ ತಿಳಿಯಾಗುತ್ತೆ. ಹೆಚ್ಚಾಯಿತು ಅನ್ನಿಸಿದರೆ ಸೀಸ ಒರೆಸಬಹುದಿತ್ತು. ಚಾಕುವಿನ ಮೊನೆಯಿಂದ ಕೆರೆದರೆ ಮಾತ್ರ ವಾಪಸ್ ಇಲ್ಲ. ಜೆಪೆಗ್ ಮೇಲೆ ಸೇವ್ ಮಾಡಿದ ನಾನು ಚಾಕು ಹಿಡಿದಿದ್ದೆ.

ಕೆನ್ನೆ ಮೇಲೆ ವಿಭೂತಿ

ಚರ್ಮದ ಏರುಪೇರು ಬರಿಗಣ್ಣಿಗೆ ಸರಿಯಾಗಿ ಕಾಣೋದಿಲ್ಲ, ಬಣ್ಣ ಮೋಸ ಮಾಡುತ್ತೆ. ಅದಕ್ಕೆ ಎಲ್ಲಕ್ಕಿಂತ ಮೇಲೆ ಒಂದು ಗುಂಪು ಮಾಡಿ, ಅದರೊಳಗೆ ಒಂದು `Black & White` ಮತ್ತು ಬೆಳಕಿನ ಮಟ್ಟ ಏರಿಳಿಸುವ, ಕಡಿದಾದ ಒಂದು `Curves` ಹಾಕಿದೆ. ಹೆಸರು ತಪಾಸಣೆ. ಅದರ ಕಣ್ಣು ತೆರೆದರೆ ಮುಖ ಕಪ್ಪು-ಬಿಳಿ ಆಗಿ, ಬೆಳಕಿನ ಏರುಪೇರು ಹೊಲದ ದಿಣ್ಣೆ-ತಗ್ಗಿನ ಹಾಗೆ ಎದ್ದು ಕಾಣುತ್ತೆ. ನೋಡಲು ಮಾತ್ರ ಇದು. ಕೆಲಸ ಮುಗಿದ ಮೇಲೆ ಮುಚ್ಚಬೇಕು.

ನಮ್ಮ ಹುಡುಗ ಕಲೆ ಲೇಯರಿನಲ್ಲಿ ಕಲೆ ತೆಗೆಯುತ್ತಿದ್ದ. ತಪಾಸಣೆ ತೆರೆದಿದ್ದಾಗ ಚುಕ್ಕೆಗಳು ಚೆನ್ನಾಗಿ ಕಾಣುತ್ತವೆ ಅಂತ ಅದನ್ನು ತೆರೆದುಕೊಂಡೇ ಕೂತ. ಕೈಯಲ್ಲಿದ್ದದ್ದು ಸ್ಪಾಟ್ ಹೀಲಿಂಗ್ ಬ್ರಶ್, ಅದರಲ್ಲಿ `Sample All Layers` ಟಿಕ್ ಆಗಿತ್ತು. ಒಂದು ಗಂಟೆ ಕೆಲಸ ಮಾಡಿ ತಪಾಸಣೆ ಮುಚ್ಚಿದಾಗ ಅವ್ವನ ಕೆನ್ನೆ ತುಂಬ ಬೂದಿ ಬಣ್ಣದ ಬೊಟ್ಟುಗಳು.

"ಯಣ್ಣಾ, ವಿಭೂತಿ ಹಚ್ಚಿದಂಗ ಆಗೈತಲ್ಲೋ!" ಅಂದ.

ಆಗಿದ್ದು ಇಷ್ಟೇ. ಎಲ್ಲ ಲೇಯರನ್ನೂ ನೋಡು ಅಂದರೆ ಬ್ರಶ್ ಮೇಲಿನ ತಪಾಸಣೆಯನ್ನೂ ಸೇರಿಸಿ ನೋಡುತ್ತೆ. ಅದರ ಕಣ್ಣಿಗೆ ಚರ್ಮ ಕಪ್ಪು-ಬಿಳಿ. ಕಪ್ಪು-ಬಿಳಿ ತೇಪೆಯನ್ನೇ ಕೆಳಗಿನ ಲೇಯರಿನಲ್ಲಿ ಹೊಲಿಯಿತು. ಆ ಲೇಯರ್ ಕಿತ್ತೆಸೆದು ಹೊಸದು ಹಾಕಿದೆವು, ಒಂದು ಗಂಟೆ ಹೋಯಿತು, ಬೇರೇನೂ ಕೆಡಲಿಲ್ಲ.

ವಿಭೂತಿಯಾದರೂ ಕಣ್ಣಿಗೆ ಹೊಡೆಯಿತು. ಇದೇ ರೋಗ ಸಣ್ಣ ಪ್ರಮಾಣದಲ್ಲಿ ಬಂದರೆ ಗೊತ್ತೇ ಆಗೋದಿಲ್ಲ. ತಪಾಸಣೆಯ ಬದಲು ಮೇಲೆ ಮುಖ ಸ್ವಲ್ಪ ಬೆಳಗಿಸುವ ಒಂದು `Curves` ಇದೆ ಅಂದುಕೊಳ್ಳಿ, ಸೊನ್ನೆಯಿಂದ 255ರ ಬೆಳಕಿನ ಅಳತೆಯಲ್ಲಿ 120 ಇದ್ದದ್ದನ್ನು 130 ಮಾಡುವಂಥದು. `All Layers` ಇಟ್ಟು ತೇಪೆ ಹಾಕಿದರೆ ಬ್ರಶ್ 130 ನೋಡಿ 130 ಅನ್ನೇ ಕೆಳಗೆ ಹಾಕುತ್ತೆ. ಮೇಲಿನ ಕರ್ವ್ಸ್ ಅದನ್ನು ಮತ್ತೆ ಎತ್ತಿ 139ಕ್ಕೋ 140ಕ್ಕೋ ಒಯ್ಯುತ್ತೆ. ಒಂದೇ ಬೆಳಕು ಎರಡು ಸಲ ಬಿದ್ದ ಹಾಗೆ. ಚಿಕ್ಕ ಚುಕ್ಕೆಯಾದರೆ ಪರದೆ ಮೇಲೆ ಗಮನಕ್ಕೆ ಬರೋದಿಲ್ಲ, 18 ಇಂಚಿನ ಪ್ರಿಂಟಿನಲ್ಲಿ ಮುಖ ಜೋಳದ ಹಿಟ್ಟು ಚಿಮುಕಿಸಿದಂತೆ ಕಾಣುತ್ತೆ. ಪರೀಕ್ಷೆ ಸುಲಭ: ಮೇಲಿನ ಕರ್ವ್ಸಿನ ಕಣ್ಣು ಮುಚ್ಚಿ. ಸುತ್ತಲ ಚರ್ಮ ಕಪ್ಪಾಗಿ ತೇಪೆಗಳು ಬೆಳ್ಳಗೆ ಉಳಿದರೆ ಅದೇ ರೋಗ.

ಅವತ್ತಿಂದ ಹೀಲಿಂಗ್ ಬ್ರಶ್ಶಿನಲ್ಲಿ `Current & Below` ಮಾತ್ರ. ಸ್ಪಾಟ್ ಹೀಲಿಂಗಿನಲ್ಲಿ ಆ ಆಯ್ಕೆ ಇಲ್ಲ, ಅದನ್ನು ಹಿಡಿಯುವಾಗ ಮೇಲಿನ ಹೊಂದಾಣಿಕೆ ಲೇಯರುಗಳ ಕಣ್ಣೆಲ್ಲ ಮುಚ್ಚಿಯೇ ಕೆಲಸ.

ಬೆಳಕು ತಿದ್ದುವ ಎರಡು ಕರ್ವ್ಸ್

ಬಾಗಿಲ ಬೆಳಕು ಒಂದೇ ಕಡೆಯಿಂದ ಬಂದಿದ್ದರಿಂದ ಎಡಗೆನ್ನೆಯ ತಗ್ಗು ಜಾಸ್ತಿ ಕಾಣುತ್ತಿತ್ತು, ಕಣ್ಣ ಕೆಳಗೆ ನೆರಳು. ಇದಕ್ಕೆ ಮಸುಕು ಮಾಡುವ ಫಿಲ್ಟರ್ ಹಾಕಿದರೆ ಚರ್ಮದ ರಂಧ್ರ, ಎಳೆ ಎಲ್ಲ ಹೋಗಿ ಮುಖ ಮೇಣದ ಗೊಂಬೆ ಆಗುತ್ತೆ. ಎರಡು ಕರ್ವ್ಸ್ ಸಾಕು. ಒಂದರಲ್ಲಿ ನಡುವಿನ 128 ಅನ್ನು 155ಕ್ಕೆ ಎತ್ತಿದೆ, ಇನ್ನೊಂದರಲ್ಲಿ 128 ಅನ್ನು 100ಕ್ಕೆ ಇಳಿಸಿದೆ. ಎರಡರ ಮಾಸ್ಕನ್ನೂ `Ctrl+I` ಒತ್ತಿ ಕಪ್ಪು ಮಾಡಿದೆ. ಮಾಸ್ಕಿನಲ್ಲಿ ಕಪ್ಪು ಅಂದರೆ ಅಲ್ಲಿ ಲೇಯರಿನ ಕೆಲಸ ನಡೆಯೋದಿಲ್ಲ, ಬಿಳಿ ಅಂದರೆ ಪೂರ್ತಿ ನಡೆಯುತ್ತೆ, ಬೂದಿ ಅಂದರೆ ಅಷ್ಟಿಷ್ಟು. ಈಗ ಎರಡೂ ಲೇಯರ್ ಇದ್ದರೂ ಇಲ್ಲದಂತೆ. ಮೆತ್ತನೆಯ ಬಿಳಿ ಬ್ರಶ್, ಫ್ಲೋ 6, ತಗ್ಗುಗಳ ಮೇಲೆ ಎತ್ತುವ ಕರ್ವ್ಸಿನಲ್ಲಿ, ಹೊಳೆಯುವ ಮೂಗಿನ ತುದಿ ಮತ್ತು ಕೆನ್ನೆಯ ಮೂಳೆ ಮೇಲೆ ಇಳಿಸುವ ಕರ್ವ್ಸಿನಲ್ಲಿ. ಒಂದು ಸಲ ಹಾಯಿಸಿದರೆ ಏನೂ ಆಗಿಲ್ಲ ಅನ್ನಿಸಬೇಕು, ಐದಾರು ಸಲ ಹಾಯಿಸಿದ ಮೇಲೆ ಆಗಿದೆ ಅನ್ನಿಸಬೇಕು.

ಇಲ್ಲಿ ಒಂದು ಎಡವಟ್ಟು. ಇಳಿಸುವ ಕರ್ವ್ಸ್ ಬರೀ ಕಪ್ಪು ಮಾಡೋದಿಲ್ಲ, ಬಣ್ಣವನ್ನೂ ಗಾಢ ಮಾಡುತ್ತೆ. ಬಿಸಿಲಲ್ಲಿ ದುಡಿದು ಕಂದಿದ ನಮ್ಮ ಭಾಗದ ಚರ್ಮದ ಮೇಲೆ ಅದು ಬೇಗ ಗೊತ್ತಾಗುತ್ತೆ, ತಿದ್ದಿದ ಜಾಗ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತೆ. ಎರಡೂ ಕರ್ವ್ಸಿನ ಬ್ಲೆಂಡ್ ಮೋಡನ್ನು `Normal` ಇಂದ `Luminosity` ಮಾಡಿದ ಮೇಲೆ ಬೆಳಕು ಮಾತ್ರ ಬದಲಾಯಿತು, ಬಣ್ಣ ಇದ್ದಲ್ಲೇ ನಿಂತಿತು.

ಇವುಗಳ ಮೇಲೆ ಮೂರನೇ ಕರ್ವ್ಸ್, ಮುಖ ಪೂರ್ತಿ ಬೆಳಗಿಸೋದು. ಫೋಟೋ ಕೊಡುವಾಗ ಮೊಮ್ಮಗಳು "ಸ್ವಲ್ಪ ಬೆಳ್ಳಗ ಮಾಡ್ರಿ ಮಾಮಾ" ಅಂದಿದ್ದಳು. ಎಲ್ಲರೂ ಅದನ್ನೇ ಅನ್ನುತ್ತಾರೆ. ಮಾಡಿ ಕೊಡುತ್ತೇನೆ, ಆದರೆ ಬೇರೆ ಲೇಯರಿನಲ್ಲಿ.

ಈ ಕರ್ವ್ಸಿನ ಮಾಸ್ಕ್ ಮಾಡುವಾಗ ಕಲಿತದ್ದು ನನಗೆ ಇಡೀ ಕೆಲಸದಲ್ಲೇ ಹೆಚ್ಚು ಉಪಯೋಗಕ್ಕೆ ಬಂತು. ಮೊದಲ ಸಲ ಕರ್ವ್ಸನ್ನು ಬೇಕಾದಷ್ಟೇ, ಸ್ವಲ್ಪವೇ ಎತ್ತಿ ಮುಖದ ಅಂಚಿಗೆ ಮಾಸ್ಕ್ ಬರೆದೆ. ಚೆನ್ನಾಗಿಯೇ ಕಂಡಿತು. ಕುತೂಹಲಕ್ಕೆ ಕರ್ವ್ಸನ್ನು ಜೋರಾಗಿ ಎತ್ತಿ ನೋಡಿದೆ. ಬೈತಲೆಯ ಹತ್ತಿರ ನೆರೆಗೂದಲಿನ ಸುತ್ತ ಬೆಳ್ಳನೆಯ ಪಟ್ಟಿ, ಕಿವಿಯ ಹಿಂದೆ ಬಿಟ್ಟುಹೋದ ಕಪ್ಪು ತುಂಡು, ಸೆರಗಿನ ಮೇಲೆ ಚೆಲ್ಲಿದ ಬೆಳಕು. ತಪ್ಪು ಅಲ್ಲೇ ಇತ್ತು, ಪರಿಣಾಮ ಕಮ್ಮಿ ಇದ್ದದ್ದರಿಂದ ಕಂಡಿರಲಿಲ್ಲ ಅಷ್ಟೇ. ನಾಳೆ ಗಿರಾಕಿ ಬಂದು ಇನ್ನೂ ಬೆಳ್ಳಗೆ ಬೇಕು ಅಂದರೆ ಅಂಕಿ ಏರಿಸಿದ ಕೂಡಲೇ ಅದೆಲ್ಲ ಎದ್ದು ಬರುತ್ತಿತ್ತು. ಹೆಸರಿಗೆ ತಿದ್ದಬಹುದಾದ ಲೇಯರ್, ನಿಜದಲ್ಲಿ ಒಂದೇ ಅಂಕಿಗೆ ಅಂಟಿಕೊಂಡ ಲೇಯರ್. ಹಾಗಾಗಿ ಈಗ ಯಾವುದೇ ಮಾಸ್ಕ್ ಬರೆಯುವ ಮುಂಚೆ ಪರಿಣಾಮವನ್ನು ಅಸಹ್ಯವಾಗುವಷ್ಟು ಏರಿಸುತ್ತೇನೆ. ಆ ಅಸಹ್ಯದಲ್ಲೂ ಅಂಚು ಸರಿ ಕಾಣುವ ತನಕ ಮಾಸ್ಕ್ ತಿದ್ದಿ, ಆಮೇಲೆ ಬೇಕಾದಷ್ಟಕ್ಕೆ ಇಳಿಸುತ್ತೇನೆ. ಕೂದಲಿನ ಕಡೆ ಅಂಚು ಮೆತ್ತಗಾಗಲು ಬ್ರಶ್ಶಿನಿಂದ ಬರೆಯುವುದರ ಜೊತೆ `Properties` ನಲ್ಲಿನ `Feather` ಬಳಸಿದೆ, ಅದನ್ನೂ ಯಾವಾಗ ಬೇಕಾದರೂ ಸೊನ್ನೆಗೆ ತರಬಹುದು.

ಹಚ್ಚೆಯ ವಿಷಯಕ್ಕೂ ಇದೇ ಮಾಸ್ಕ್ ಬೇಕಾಯಿತು. ಈ ಸಲ ಬೊಟ್ಟುಗಳನ್ನು ಯಾರೂ ಅಳಿಸಿರಲಿಲ್ಲ, ಆದರೂ ಮೊದಲಿಗಿಂತ ಪೇಲವ ಕಂಡವು. ಮುಖ ಬೆಳಗಿಸುವ ಕರ್ವ್ಸ್ ಹಚ್ಚೆಯನ್ನೂ ಬೆಳಗಿಸಿ ಅದರ ಹಸಿರನ್ನು ತೊಳೆದುಹಾಕಿತ್ತು. ಮಾಸ್ಕಿನಲ್ಲಿ ನಾಲ್ಕೂ ಬೊಟ್ಟಿನ ಮೇಲೆ ಬೊಟ್ಟಿನಷ್ಟೇ ದೊಡ್ಡ ಬ್ರಶ್ಶಿನಿಂದ ನಡು ಬೂದಿ ಬಣ್ಣ ಹಚ್ಚಿದೆ. ಪೂರ್ತಿ ಕಪ್ಪು ಹಚ್ಚಿದರೆ ಸುತ್ತಲಿನ ಬೆಳಗಿದ ಚರ್ಮದ ನಡುವೆ ಹೊಸದಾಗಿ ಪೆನ್ನಿನಿಂದ ಇಟ್ಟಂತೆ ಕಾಣುತ್ತಿತ್ತು.

ಎಲ್ಲ ಸೇರಿ ಲೇಯರುಗಳ ಸಾಲು ಮೇಲಿಂದ ಕೆಳಗೆ ಹೀಗಾಯಿತು:

```
ತಪಾಸಣೆ (ಗುಂಪು, ಕಣ್ಣು ಬಂದ್)
ಸೀರೆ ಬಣ್ಣ      Hue/Saturation + mask
ಮುಖ ಬೆಳಕು     Curves + mask
ಇಳಿಸು          Curves, Luminosity + mask
ಎತ್ತು           Curves, Luminosity + mask
ಸುಕ್ಕು          ಖಾಲಿ ಲೇಯರ್, 40%
ಕಲೆ            ಖಾಲಿ ಲೇಯರ್
ಧೂಳು          ಖಾಲಿ ಲೇಯರ್
ರಾ             Smart Object
```

ಸೀರೆ ಬಣ್ಣದ ಲೇಯರಿಗೆ ಹೆಚ್ಚು ಹೇಳೋದಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗು ಕ್ಯಾಮೆರಾದಲ್ಲಿ ಉರಿಯುವ ಹಾಗೆ ಬಂದಿತ್ತು, ಕೆಂಪನ್ನು ಸ್ವಲ್ಪ ಇಳಿಸಿದೆ. ಮಾಸ್ಕ್ ಇಲ್ಲದಿದ್ದರೆ ಕುಂಕುಮವೂ ಜೊತೆಗೇ ಮಂಕಾಗುತ್ತಿತ್ತು.

ತಿರುಗಿಸಲಾಗದ್ದು

ನಾಲ್ಕನೇ ದಿನ ಬೆಳಿಗ್ಗೆ ನೋಡಿದಾಗ ಇಡೀ ಫೋಟೋ ತುಸು ಹಳದಿ ಅನ್ನಿಸಿತು. ರಾ ಹೊಟ್ಟೆಯಲ್ಲೇ ಇದೆಯಲ್ಲ, ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ವೈಟ್ ಬ್ಯಾಲೆನ್ಸನ್ನು ತಣ್ಣಗೆ ಮಾಡಿ `OK` ಒತ್ತಿದೆ. ಚರ್ಮ ತಣ್ಣಗಾಯಿತು. ತೇಪೆಗಳು ಆಗಲಿಲ್ಲ. ಮುಖ ತುಂಬ ಅರಿಶಿಣದ ಚುಕ್ಕೆ.

ಯೋಚನೆ ಮಾಡಿದರೆ ಸರಿಯೇ. ತೇಪೆಯ ಲೇಯರಿನಲ್ಲಿ ನಕಲು ಇರಬಾರದು ಅಂತ ನಿಯಮ ಹಾಕಿದ್ದೆ, ಆದರೆ ತೇಪೆ ಅನ್ನೋದೇ ಚಿಕ್ಕ ನಕಲು. ಅದು ಹೊಲಿದ ದಿನ ಕೆಳಗಿನ ಚರ್ಮ ಯಾವ ಬಣ್ಣ ಇತ್ತೋ ಅದೇ ಬಣ್ಣದಲ್ಲಿ ಉಳಿದಿರುತ್ತೆ. ಕೆಳಗಿನ ಬಟ್ಟೆಗೆ ಹೊಸ ಬಣ್ಣ ಹಾಕಿದರೆ ತೇಪೆಗೆ ಹೇಗೆ ತಿಳಿಯಬೇಕು? ರಾ ಬದಲಾವಣೆ ವಾಪಸ್ ತೆಗೆದು, ತೇಪೆಗಳ ಮೇಲೆ ಇನ್ನೊಂದು `Curves` ಹಾಕಿ ಅದರ ನೀಲಿ ಚಾನೆಲನ್ನು ಸ್ವಲ್ಪ ಎತ್ತಿದೆ. ಅದು ತೇಪೆ, ಚರ್ಮ ಎರಡರ ಮೇಲೂ ಸಮನಾಗಿ ಬೀಳುತ್ತೆ. ಹಾಗಾಗಿ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್ ಎರಡನ್ನೂ ಮೊದಲ ತೇಪೆಗಿಂತ ಮುಂಚೆ ರಾದಲ್ಲಿ ಮುಗಿಸಿಬಿಡಬೇಕು. ತೇಪೆ ಬಿದ್ದ ಮೇಲೆ ಬಣ್ಣದ ಮಾತೆಲ್ಲ ಮೇಲಿನ ಲೇಯರಿನಲ್ಲೇ.

ಫ್ರೀಕ್ವೆನ್ಸಿ ಸೆಪರೇಶನ್ ಅಂತ ಒಂದು ಪದ್ಧತಿ ಇದೆ. ಚರ್ಮದ ಎಳೆ ಒಂದು ಲೇಯರಿಗೆ, ಬಣ್ಣ-ಬೆಳಕು ಇನ್ನೊಂದಕ್ಕೆ ಒಡೆದು ಬೇರೆ ಬೇರೆ ತಿದ್ದೋದು. ಕೆಲಸ ಬೇಗ ಆಗುತ್ತೆ, ಮದುವೆ ಆಲ್ಬಮಿಗೆ ನಾನೂ ಬಳಸುತ್ತೇನೆ. ಈ ಫೋಟೋಗೆ ಬೇಡ ಅಂದದ್ದು ಇದೇ ಕಾರಣಕ್ಕೆ: ಅಲ್ಲಿ ಒಡೆದ ಎರಡೂ ಲೇಯರ್ ಪೂರ್ತಿ ನಕಲುಗಳು. ಒಡೆದ ಮೇಲೆ ಕೆಳಗೆ ಏನು ತಿದ್ದಿದರೂ ಅವುಗಳಿಗೆ ಸುದ್ದಿ ಮುಟ್ಟೋದಿಲ್ಲ.

ಶಾರ್ಪ್ ಮಾಡುವುದನ್ನೂ ಈ ಫೈಲಿನಲ್ಲಿ ಇಟ್ಟಿಲ್ಲ. 12×18 ಇಂಚಿಗೆ ಇಂಚಿಗೆ 300 ಪಿಕ್ಸೆಲ್ ಅಂದರೆ 3600×5400. ಲಂಬವಾಗಿ ಹಿಡಿದ ಫೋಟೋ 4000×6000 ಇದೆ, ಅನುಪಾತವೂ ಒಂದೇ. ಪಿಎಸ್‌ಡಿಯನ್ನು ಮುಟ್ಟದೆ `Save a Copy` ಮಾಡಿ, ಆ ಪ್ರತಿಯನ್ನು ಅಳತೆಗೆ ಇಳಿಸಿ, ಶಾರ್ಪ್ ಮಾಡಿ, ಎಸ್‌ಆರ್‌ಜಿಬಿ ಜೆಪೆಗ್ ಆಗಿ ಲ್ಯಾಬಿಗೆ ಕಳಿಸೋದು. ನಾಳೆ ಪಾಕೀಟಿನಲ್ಲಿಡಲು ಚಿಕ್ಕ ಫೋಟೋ ಕೇಳಿದರೆ ಅದಕ್ಕೆ ಬೇರೆ ಶಾರ್ಪ್ ಬೇಕಾಗುತ್ತೆ.

ಗಿರಾಕಿ ಬಂದ ಮೇಲೆ

ಐದನೇ ದಿನ ಅವರನ್ನು ಕರೆಸಿ ಪರದೆಯ ಮುಂದೆ ಕೂಡಿಸಿದೆ. ಪ್ರಿಂಟ್ ಹಾಕಿಸುವ ಮುಂಚೆ ಗಿರಾಕಿಗೆ ತೋರಿಸುವ ರೂಢಿ ನನಗಿರಲಿಲ್ಲ. ತೋರಿಸಿದರೆ ಸಂಜೆಯ ತನಕ ಏಳೋದಿಲ್ಲ ಅನ್ನೋ ಹೆದರಿಕೆ.

ಮೊದಲು ಹಚ್ಚೆ ನೋಡಿದರು. ತಲೆಯಾಡಿಸಿದರು. ಆಮೇಲೆ, "ಅವ್ವ ಇಷ್ಟು ಕೆಂಪಗ ಇದ್ದಿಲ್ರೀ. ಹೊಲದಾಗ ದುಡದಾಕಿ, ಕರೇ ಇದ್ಲು" ಅಂದರು. ಮುಖ ಬೆಳಕು ಲೇಯರಿನ ಒಪ್ಯಾಸಿಟಿಯನ್ನು 100ರಿಂದ ಮೆಲ್ಲಗೆ ಇಳಿಸುತ್ತ ಹೋದೆ. ಅಂಕಿ ನೋಡಬೇಡಿ, ಮುಖ ನೋಡಿ, ಸಾಕು ಅನ್ನಿಸಿದಾಗ ಹೇಳಿ ಅಂದೆ. 35ಕ್ಕೆ ಬಂದಾಗ "ಹಾಂ, ಇಲ್ಲೇ ಬಿಡ್ರಿ" ಅಂದರು. ಎಷ್ಟೋ ವರ್ಷದಿಂದ ಇಂಥ ತೀರ್ಮಾನವನ್ನು ಅವರ ಬದಲು ನಾನೇ ಮಾಡಿ ಬೈಸಿಕೊಳ್ಳುತ್ತಿದ್ದೆ.

ಆಮೇಲೆ ಸುಕ್ಕು. 40 ಇದ್ದದ್ದು 25ಕ್ಕೆ ಇಳಿಯಿತು. ಅಷ್ಟರಲ್ಲಿ ಅವರು ಪರದೆಗೆ ಹತ್ತಿರ ಬಾಗಿ, "ಇಲ್ಲಿ ಹುಬ್ಬಿನ ಮ್ಯಾಲ ಒಂದು ಗಾಯದ ಗುರ್ತಾ ಇತ್ತಲ್ರೀ, ಎತ್ತು ಹಾದಿದ್ದು" ಅಂದರು. ರಾ ನೋಡಿದರೆ ಹೌದು, ಅರ್ಧ ಇಂಚಿನ ಗೆರೆ. ಹುಡುಗ ಅದನ್ನು ಕಲೆ ಅಂದುಕೊಂಡು ತೆಗೆದಿದ್ದ. ಕಲೆ ಲೇಯರಿಗೆ ಮಾಸ್ಕ್ ಹಾಕಿ, ಕಪ್ಪು ಬ್ರಶ್ಶಿನಿಂದ ಆ ಗೆರೆಯ ಮೇಲೆ ಒಂದು ಸಲ ಎಳೆದೆ. ತೇಪೆ ಮರೆಯಾಗಿ ಕೆಳಗಿನ ರಾ ಕಂಡಿತು, ಗಾಯ ಇದ್ದ ಹಾಗೇ ಬಂತು. ಇರೇಸರ್ ತೆಗೆದುಕೊಂಡು ತೇಪೆಯನ್ನೇ ಅಳಿಸಿದ್ದರೂ ಇದೇ ಆಗುತ್ತಿತ್ತು. ಆದರೆ ನಾಳೆ ಇನ್ನೊಬ್ಬರು ಆ ಗುರ್ತು ಬೇಡ ಅಂದರೆ ಮತ್ತೆ ಹೊಲಿಯಬೇಕು; ಮಾಸ್ಕಾದರೆ ಬಿಳಿ ಹಚ್ಚಿದರೆ ಮುಗಿಯಿತು.

ಇನ್ನೊಬ್ಬರು ಬಂದೇ ಬಂದರು. ಹೊಸಪೇಟೆಯಲ್ಲಿರುವ ಮಗಳು ತನಗೂ ಒಂದು ಪ್ರತಿ ಬೇಕು ಅಂತ ಫೋನ್ ಮಾಡಿದರು. ಅವರಿಗೆ ಅವ್ವ ಸ್ವಲ್ಪ ಗೆಲುವಾಗಿ ಕಾಣಬೇಕು, ಗಾಯ ಬೇಡ, ಹಚ್ಚೆ ಬೇಕು. ಅದಕ್ಕೆ ಬೇರೆ ಫೈಲ್ ಮಾಡಲಿಲ್ಲ. ಎರಡು ಫೈಲ್ ಆದರೆ ಒಂದರಲ್ಲಿ ಕಂಡ ತಪ್ಪು ಇನ್ನೊಂದರಲ್ಲಿ ಉಳಿದೇ ಹೋಗುತ್ತೆ. ಕಲೆ ಲೇಯರಿನ ಮಾಸ್ಕನ್ನು ಶಿಫ್ಟ್ ಒತ್ತಿ ಕ್ಲಿಕ್ ಮಾಡಿ ತಾತ್ಕಾಲಿಕ ಬಂದ್ ಮಾಡಿದೆ, ಗಾಯ ಮರೆಯಾಯಿತು. ಸುಕ್ಕು ಮತ್ತು ಮುಖ ಬೆಳಕಿನ ಅಂಕಿ ಏರಿಸಿ ಪ್ರತಿ ತೆಗೆದೆ. ಆಮೇಲೆ ಎಲ್ಲ ಮೊದಲಿನಂತೆ. ಮರೆಯಬಾರದು ಅಂತ ಲೇಯರಿನ ಹೆಸರಲ್ಲೇ ಬರೆದಿಟ್ಟಿದ್ದೇನೆ: ಸುಕ್ಕು, ಅಣ್ಣ 25, ಅಕ್ಕ 50. ಮುಖ ಬೆಳಕು, ಅಣ್ಣ 35, ಅಕ್ಕ 60. ಕಲೆ, ಅಕ್ಕಗ ಮಾಸ್ಕ್ ಬಂದ್.

ಏಳನೇ ದಿನ ಲ್ಯಾಬಿನಿಂದ ಪ್ರಿಂಟ್ ಬಂತು. ಪರದೆಗಿಂತ ಒಂದು ಕೈ ಕಪ್ಪು, ನನ್ನ ಮಾನಿಟರಿನ ಬೆಳಕು ಜಾಸ್ತಿ ಇಟ್ಟಿದ್ದೆ. ಮೇಲೆ ಒಂದು ಹೊಸ `Curves`, ಹೆಸರು ಪ್ರಿಂಟ್, ನಡುವಿನ 128 ಅನ್ನು 138ಕ್ಕೆ ಎತ್ತಿ ಮರುಪ್ರತಿ ಕಳಿಸಿದೆ. ಲ್ಯಾಬಿಗೆ ಹೋಗುವ ಪ್ರತಿಗೆ ಮಾತ್ರ ಅದರ ಕಣ್ಣು ತೆರೆಯೋದು, ಮೊಬೈಲಿಗೆ ಕಳಿಸುವಾಗ ಬಂದ್. ಪೂಜೆಯ ಹಿಂದಿನ ಸಂಜೆ ಫ್ರೇಮ್ ಒಯ್ದರು. ಹೋಗುವಾಗ ಹಳೇ ಫ್ರೇಮಿನ ಫೋಟೋವನ್ನೂ ಕೇಳಿದರು. ಯಾಕೆ ಅಂದೆ. "ಇರ್ಲಿ ಬಿಡ್ರಿ, ನಮ್ಮವ್ವನ ಅಕ್ಕನಂಗ ಕಾಣತೈತಿ" ಅಂದು ನಕ್ಕರು.